ಸ್ಟೇಷನ್ ವೈಫೈನಲ್ಲಿ ವಿಪಿಎನ್ ಹಾಕಿದರೆ ಬ್ಯಾಂಕ್ ಆ್ಯಪ್ ತೆರೆಯುವುದಿಲ್ಲ, ತೆಗೆದರೆ ಭಯ. ಏನು ಮಾಡಲಿ?

ಮಂಡಿಪೇಟೆ_ಲೆಕ್ಕ

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯಲ್ಲಿ ಬಟ್ಟೆ ಅಂಗಡಿಗಳ ಲೆಕ್ಕ ಬರೆಯುವವನು. ಕೆಲಸದ ಮೇಲೆ ಬೆಂಗಳೂರಿಗೆ ರೈಲಿನಲ್ಲಿ ಓಡಾಟ ಜಾಸ್ತಿ. ರೈಲು ಲೇಟಾದಾಗ ಸ್ಟೇಷನ್ ವೈಫೈ ಹಾಕಿಕೊಂಡು ಮೇಲ್ ನೋಡುವುದು, ಪಾರ್ಟಿಗೆ ದುಡ್ಡು ಕಳಿಸುವುದು, ಕೆಲವು ಸಲ ಲ್ಯಾಪ್‌ಟಾಪ್ ತೆಗೆದು ಜಿಎಸ್‌ಟಿ ಕೆಲಸ ಮಾಡುವುದು ಇದ್ದೇ ಇರುತ್ತದೆ.

ನನ್ನ ಅಕ್ಕನ ಮಗ ಬಂದು "ಮಾಮಾ, ಹಾಗೆಲ್ಲ ಓಪನ್ ವೈಫೈ ಬಳಸಬಾರದು" ಎಂದು ಫೋನಿಗೆ ಒಂದು ಉಚಿತ ವಿಪಿಎನ್ ಆ್ಯಪ್ ಹಾಕಿಕೊಟ್ಟಿದ್ದಾನೆ. ಅದನ್ನು ಆನ್ ಮಾಡಿದರೆ ಬ್ಯಾಂಕ್ ಆ್ಯಪ್ "ವಿಪಿಎನ್ ಆಫ್ ಮಾಡಿ" ಎನ್ನುತ್ತದೆ. ಅಂದರೆ ಯಾವ ಕೆಲಸಕ್ಕೆ ಜಾಸ್ತಿ ಭಯವೋ ಆ ಕೆಲಸಕ್ಕೇ ತೆಗೆಯಬೇಕು. ಹಾಗಾದರೆ ಇದು ಇದ್ದು ಏನು ಪ್ರಯೋಜನ? ಬ್ಯಾಂಕ್ ಕೆಲಸದ ಹೊತ್ತಿಗೆ ಅದನ್ನು ತೆಗೆದರೆ ನನ್ನ ಪಾಸ್‌ವರ್ಡ್ ಪಕ್ಕದ ಬೆಂಚಿನವನಿಗೆ ಕಾಣುತ್ತದೆಯೇ? ತಿಳಿದವರು ಬಿಡಿಸಿ ಹೇಳಿ.

ವಿದ್ಯಾನಗರ_ರೂಮ್‌ಮೇಟ್

ಕಾಣುತ್ತೆ ಅಣ್ಣ, ಖಂಡಿತ ಕಾಣುತ್ತೆ. ಓಪನ್ ವೈಫೈನಲ್ಲಿ ಎಲ್ಲರ ಡಾಟಾ ಗಾಳಿಯಲ್ಲೇ ಹೋಗುತ್ತದೆ, ಒಂದು ಲ್ಯಾಪ್‌ಟಾಪ್ ಇದ್ದರೆ ಸಾಕು. ಫೈರ್‌ಶೀಪ್ ಅಂತ ಒಂದು ಟೂಲ್ ಇದೆ, ಬ್ರೌಸರಿಗೆ ಹಾಕಿಕೊಂಡರೆ ಅದೇ ವೈಫೈನಲ್ಲಿ ಇರುವವರ ಫೇಸ್‌ಬುಕ್ ಅಕೌಂಟಿನ ಒಳಗೇ ಹೋಗಿ ಕೂರಬಹುದು. ವಿಪಿಎನ್ ಇಲ್ಲದೆ ಸ್ಟೇಷನ್ ವೈಫೈ ಮುಟ್ಟಲೇಬೇಡಿ. ವಿಪಿಎನ್ ಹಾಕಿದರೆ ಎಲ್ಲ ಎನ್‌ಕ್ರಿಪ್ಟ್, ಗೂಗಲ್‌ಗೂ ನೀವು ಯಾರು ಅಂತ ಗೊತ್ತಾಗುವುದಿಲ್ಲ.

ಹೊಳಲ್ಕೆರೆ_ಅಡಿಕೆ

ಇಷ್ಟೆಲ್ಲ ತಲೆನೋವು ಯಾಕೆ ಸ್ವಾಮಿ. ಸಿಮ್‌ನಲ್ಲಿ ದಿನಾ ಬರುವ ಡಾಟಾನೇ ಮುಗಿಯುವುದಿಲ್ಲ. ಬ್ಯಾಂಕ್ ಕೆಲಸ ಇದ್ದಾಗ ವೈಫೈ ಆಫ್ ಮಾಡಿ ಮೊಬೈಲ್ ಡಾಟಾ ಆನ್ ಮಾಡಿ. ಮುಗೀತು.

ಜೋಗಿಮಟ್ಟಿ

ಹೊಳಲ್ಕೆರೆಯವರು ಹೇಳಿದ್ದೇ ಅತಿ ಸುಲಭದ ಉತ್ತರ. ಆದರೆ ಲೆಕ್ಕದವರು ಕೇಳಿದ ಪ್ರಶ್ನೆ ಅದಲ್ಲ, ಏನು ಕಾಣುತ್ತದೆ ಅಂತ ಕೇಳಿದ್ದಾರೆ.

ರೂಮ್‌ಮೇಟ್, ಫೈರ್‌ಶೀಪ್ 2010ರ ಮಾತು. ಆಗ ಅದು ನಿಜವಾಗಿಯೂ ಕೆಲಸ ಮಾಡುತ್ತಿತ್ತು. ಯಾಕೆಂದರೆ ಆಗಿನ ಬಹಳಷ್ಟು ಸೈಟುಗಳು ಲಾಗಿನ್ ಪುಟಕ್ಕೆ ಮಾತ್ರ ಎನ್‌ಕ್ರಿಪ್ಶನ್ ಇಟ್ಟು, ಲಾಗಿನ್ ಆದ ಮೇಲೆ ನಿಮ್ಮನ್ನು ಗುರುತು ಹಿಡಿಯುವ ಕುಕಿಯನ್ನು ಬಿಚ್ಚಿದ ಹಾಗೇ ಕಳಿಸುತ್ತಿದ್ದವು. ಆ ಕುಕಿಯನ್ನು ಗಾಳಿಯಲ್ಲಿ ಹಿಡಿದರೆ ನೀವೇ ಆ ಮನುಷ್ಯ ಅಂತ ಸೈಟು ನಂಬುತ್ತಿತ್ತು. ಆ ಗಲಾಟೆ ಆದ ಮೇಲೇ ದೊಡ್ಡ ಸೈಟುಗಳು ಒಂದೊಂದಾಗಿ ಪೂರ್ತಿ https ಆದವು, ಅಂದರೆ ಎಲ್ಲ ಪುಟಕ್ಕೂ ಎನ್‌ಕ್ರಿಪ್ಶನ್ ಬಂತು. ಇವತ್ತು ಯಾವ ಬ್ಯಾಂಕ್ ಆ್ಯಪ್ ಆಗಲಿ, ಪಾಸ್‌ವರ್ಡ್ ನಿಮ್ಮ ಫೋನಿನಿಂದ ಬ್ಯಾಂಕಿನ ಸರ್ವರ್‌ವರೆಗೂ ಮುಚ್ಚಿಕೊಂಡೇ ಹೋಗುತ್ತದೆ. ವಿಪಿಎನ್ ಇರಲಿ ಬಿಡಲಿ, ಪಕ್ಕದ ಬೆಂಚಿನವನಿಗೆ ಅದು ಕಾಣುವುದಿಲ್ಲ.

ಹಾಗಾದರೆ ಏನು ಕಾಣುತ್ತದೆ? ನಾನು ಚಿತ್ರದುರ್ಗದಲ್ಲಿ ಕಾಲೇಜೊಂದರ ನೆಟ್‌ವರ್ಕ್ ನೋಡಿಕೊಳ್ಳುತ್ತೇನೆ, ಹೊಸ ಬ್ಯಾಚಿಗೆ ಇದನ್ನು ಬಾಯಲ್ಲಿ ಹೇಳುವ ಬದಲು ಮಾಡಿಯೇ ತೋರಿಸುತ್ತೇನೆ. ಒಂದು ಹಳೆಯ ಲಿನಕ್ಸ್ ಲ್ಯಾಪ್‌ಟಾಪಿನಲ್ಲಿ ಹಾಟ್‌ಸ್ಪಾಟ್ ಹಾಕಿ, ನನ್ನದೇ ಫೋನನ್ನು ಅದಕ್ಕೆ ಸೇರಿಸುತ್ತೇನೆ. ಈಗ ನಾನೇ ವೈಫೈ ಮಾಲೀಕಳು. ಸೈಟಿನ ಹೆಸರು ಹೇಳಿ ಅದರ ಐಪಿ ವಿಳಾಸ ಕೇಳುವ ಡಿಎನ್‌ಎಸ್ ಪ್ರಶ್ನೆಗಳನ್ನು ನೋಡಲು ಲ್ಯಾಪ್‌ಟಾಪಿನಲ್ಲಿ ಇಷ್ಟು ಕೊಡುವುದು:

```
sudo tcpdump -n -i wlan0 port 53
```

ಫೋನಿನಲ್ಲಿ ಕನ್ನಡ ವಿಕಿಪೀಡಿಯ ತೆರೆದು ಚಿತ್ರದುರ್ಗದ ಕೋಟೆಯ ಪುಟ ಓದುತ್ತೇನೆ. ಲ್ಯಾಪ್‌ಟಾಪಿನಲ್ಲಿ ಈ ಥರ ಒಂದು ಸಾಲು ಬರುತ್ತದೆ:

```
IP 10.42.0.57.41822 > 10.42.0.1.53: 23817+ A? kn.wikipedia.org. (34)
```

ಅಂದರೆ ಈ ಫೋನು ಕನ್ನಡ ವಿಕಿಪೀಡಿಯಕ್ಕೆ ಹೋಯಿತು ಅಂತ ಗೊತ್ತಾಯಿತು. ಯಾವ ಪುಟ, ಏನು ಓದಿದೆ, ಏನು ಟೈಪ್ ಮಾಡಿದೆ, ಅದು ಎಲ್ಲೂ ಇಲ್ಲ. ಬಸ್ಸಿನ ಬೋರ್ಡು ಓದಬಹುದು, ಒಳಗೆ ಕೂತವರ ಮಾತು ಕೇಳಿಸುವುದಿಲ್ಲ ಅಂದುಕೊಳ್ಳಿ.

ವಿದ್ಯಾನಗರ_ರೂಮ್‌ಮೇಟ್

ಸರಿ ಅಣ್ಣ, ಆದರೆ ಅದು ಡಿಎನ್‌ಎಸ್ ಮಾತ್ರ ಅಲ್ವಾ. ಆಂಡ್ರಾಯ್ಡ್‌ನಲ್ಲಿ Private DNS ಅಂತ ಇದೆ, ಅದನ್ನು ಆನ್ ಮಾಡಿದರೆ ಆ ಬೋರ್ಡೂ ಕಾಣುವುದಿಲ್ಲ. ಆಗ ವಿಪಿಎನ್ ಯಾಕೆ ಬೇಕು?

ಜೋಗಿಮಟ್ಟಿ

ಅಣ್ಣ ಅಲ್ಲ, ಅಕ್ಕ 🙂 ಮೇಲೆ "ಮಾಲೀಕಳು" ಅಂತ ಬರೆದಿದ್ದೆ, ಓದಿಲ್ಲ ನೀನು.

ಪ್ರಶ್ನೆ ಮಾತ್ರ ಚೆನ್ನಾಗಿದೆ. ಆಂಡ್ರಾಯ್ಡ್ 9ರಿಂದ ಆ ಸೆಟ್ಟಿಂಗ್ ಇದೆ, ಆನ್ ಮಾಡಿದರೆ ಮೇಲಿನ ಸಾಲು ಹೋಗುತ್ತದೆ. ಆದರೆ ಹೆಸರು ಇನ್ನೊಂದು ಕಡೆಯಿಂದ ಸೋರುತ್ತದೆ. ಫೋನು ಸೈಟಿನ ಜೊತೆ ಎನ್‌ಕ್ರಿಪ್ಶನ್ ಶುರು ಮಾಡುವಾಗ ಮೊದಲ ಮಾತಿನಲ್ಲೇ "ನನಗೆ ಇಂಥ ಸೈಟು ಬೇಕು" ಎಂದು ಹೆಸರು ಹೇಳುತ್ತದೆ, ಆ ಮೊದಲ ಮಾತು ಬಹಳ ಕಡೆ ಇನ್ನೂ ಬಿಚ್ಚಿಯೇ ಹೋಗುತ್ತದೆ. ಅದನ್ನು ಹೀಗೆ ನೋಡಬಹುದು:

```
sudo tshark -i wlan0 -Y tls.handshake.extensions_server_name \
  -T fields -e tls.handshake.extensions_server_name
```

ಮತ್ತೆ ಅದೇ kn.wikipedia.org ಸಿಗುತ್ತದೆ. ಇದನ್ನೂ ಮುಚ್ಚುವ ವ್ಯವಸ್ಥೆ ಬರುತ್ತಿದೆ, ಆದರೆ ಬ್ರೌಸರ್ ಮತ್ತು ಸೈಟು ಎರಡೂ ಒಪ್ಪಿದರೆ ಮಾತ್ರ. ಎಲ್ಲ ಕಡೆ ಇಲ್ಲ.

ಈಗ ವಿಪಿಎನ್ ಆನ್ ಮಾಡಿ ಅದೇ ಪುಟ ತೆರೆಯುತ್ತೇನೆ. ನನ್ನದು ವೈರ್‌ಗಾರ್ಡ್ ಎಂಬ ಬಗೆಯ ವಿಪಿಎನ್. ಡಿಎನ್‌ಎಸ್ ಕಿಟಕಿ ಖಾಲಿ, ಎರಡನೇ ಕಿಟಕಿಯೂ ಖಾಲಿ. ಎಲ್ಲ ಪ್ಯಾಕೆಟ್ ತೋರಿಸು ಅಂದರೆ ಇಂಥದ್ದು ಮಾತ್ರ ಬರುತ್ತದೆ (ಸರ್ವರಿನ ಐಪಿ ಬದಲಿಸಿದ್ದೇನೆ):

```
IP 10.42.0.57.38110 > 203.0.113.9.51820: UDP, length 148
IP 203.0.113.9.51820 > 10.42.0.57.38110: UDP, length 92
```

148 ಮತ್ತು 92 ಅಂದರೆ ವೈರ್‌ಗಾರ್ಡ್ ಕೈಕುಲುಕಿದ ಗುರುತು, ಯಾವಾಗಲೂ ಅದೇ ಅಳತೆ. ಆಮೇಲೆ ಬರುವುದೆಲ್ಲ ಅದೇ ಒಂದು ವಿಳಾಸಕ್ಕೆ ಹೋಗಿ ಬರುವ ಪ್ಯಾಕೆಟ್‌ಗಳು. ವಿಕಿಪೀಡಿಯವೋ, ಬ್ಯಾಂಕೋ, ಡಾಕ್ಟರ ಅಪಾಯಿಂಟ್‌ಮೆಂಟೋ ವೈಫೈ ಮಾಲೀಕನಿಗೆ ಗೊತ್ತಿಲ್ಲ. ಈ ಫೋನು ವಿಪಿಎನ್ ಬಳಸುತ್ತಿದೆ, ಇಷ್ಟು ಹೊತ್ತು ಬಳಸಿತು, ಇಷ್ಟು ಎಂಬಿ ಹೋಯಿತು ಎಂಬುದು ಗೊತ್ತು. ವಿಡಿಯೋ ನೋಡುತ್ತಿದ್ದೀರೋ ಬರೀ ಚಾಟ್ ಮಾಡುತ್ತಿದ್ದೀರೋ ಎಂದು ಆ ಅಳತೆಯಿಂದಲೇ ಊಹಿಸಬಹುದು.

ಪಬ್ಲಿಕ್ ವೈಫೈನಲ್ಲಿ ವಿಪಿಎನ್ ಮಾಡುವ ಮುಖ್ಯ ಕೆಲಸ ಇದೇ. ಪಾಸ್‌ವರ್ಡ್ ಕಾಪಾಡುವುದನ್ನು ಅದಕ್ಕಿಂತ ಮುಂಚೆ https ಮಾಡಿಯಾಗಿದೆ. ವಿಪಿಎನ್ ಕಾಪಾಡುವುದು ನೀವು ಎಲ್ಲೆಲ್ಲಿಗೆ ಹೋದಿರಿ ಎಂಬ ಪಟ್ಟಿಯನ್ನು, ಅದೂ ವೈಫೈ ಮಾಲೀಕನಿಂದ ಮತ್ತು ಅದೇ ವೈಫೈನಲ್ಲಿ ಕೂತವರಿಂದ. ಜೊತೆಗೆ https ಸರಿಯಾಗಿ ಹಾಕಿಕೊಳ್ಳದ ಯಾವುದೋ ಹಳೆಯ ಆ್ಯಪ್ ನಿಮ್ಮ ಫೋನಿನಲ್ಲಿದ್ದರೆ ಅದಕ್ಕೂ ಒಂದು ಹೊದಿಕೆ ಸಿಗುತ್ತದೆ. ಗೂಗಲ್‌ಗೆ ನೀವು ಯಾರು ಅಂತ ಗೊತ್ತಾಗುವುದಿಲ್ಲ ಎಂಬುದು ಮಾತ್ರ ತಪ್ಪು. ನಿಮ್ಮ ಜಿಮೇಲ್‌ನಿಂದ ಲಾಗಿನ್ ಆಗಿ ಕೂತಿದ್ದೀರಿ, ಇನ್ನೇನು ಗೊತ್ತಾಗಬೇಕು ಅದಕ್ಕೆ?

ಹರಿಹರ_ಮೇಷ್ಟ್ರು

ನಮ್ಮ ಷಡ್ಡಕರಿಗೆ ಕಳೆದ ವರ್ಷ ಹೀಗೇ ಮೋಸ ಆಯಿತು. ವಾಟ್ಸಾಪಿನಲ್ಲಿ "ನಿಮ್ಮ ಗಾಡಿ ಮೇಲೆ ಟ್ರಾಫಿಕ್ ಚಲನ್ ಬಾಕಿ ಇದೆ" ಎಂದು ಒಂದು ಫೈಲ್ ಬಂತು. ಒತ್ತಿದರು, ಏನೋ ಇನ್‌ಸ್ಟಾಲ್ ಆಯಿತು, ಏನೇನೋ ಕೇಳಿತು, ಎಲ್ಲಕ್ಕೂ ಸರಿ ಎಂದರು. ರಾತ್ರಿ ಖಾತೆಯಿಂದ ದುಡ್ಡು ಹೋಗಿದೆ. ಅವರ ಫೋನಿನಲ್ಲಿ ವಿಪಿಎನ್ ಆನ್ ಇತ್ತು ಸ್ವಾಮಿ, ದುಡ್ಡು ಕೊಟ್ಟು ಹಾಕಿಸಿದ್ದು! ಹಾಗಾಗಿ ಇದೆಲ್ಲ ಮೋಸ, ವಿಪಿಎನ್ ಕಂಪನಿಯವರೇ ಮಾಹಿತಿ ಕೊಟ್ಟಿರಬೇಕು ಎಂದು ನನ್ನ ಅನುಮಾನ. ಯಾವ ವಿಪಿಎನ್ ಹಾಕಿದರೆ ಇಂಥದ್ದು ತಪ್ಪುತ್ತದೆ, ದಯವಿಟ್ಟು ತಿಳಿಸಿ.

ಜೋಗಿಮಟ್ಟಿ

ಮೇಷ್ಟ್ರೇ, ಕೇಳಿ ಬೇಜಾರಾಯಿತು. ಆದರೆ ಇಲ್ಲಿ ವಿಪಿಎನ್ ಕಂಪನಿ ಏನೂ ಮಾಡಿರಬೇಕಾಗಿಲ್ಲ. ಆ ಫೈಲ್ ಒಂದು ಎಪಿಕೆ, ಅಂದರೆ ಪ್ಲೇ ಸ್ಟೋರಿನಿಂದ ಬಾರದ ಆ್ಯಪ್. ಇಂಥವು ಕೇಳುವ ಮುಖ್ಯ ಅನುಮತಿ ಎಸ್‌ಎಂಎಸ್ ಓದುವುದು. ಬ್ಯಾಂಕ್ ಓಟಿಪಿ ಕಳಿಸುತ್ತದೆ, ಆ ಆ್ಯಪ್ ಓದುತ್ತದೆ, ಕಳ್ಳನ ಸರ್ವರಿಗೆ ಕಳಿಸುತ್ತದೆ. ವಿಪಿಎನ್ ಆನ್ ಇದ್ದರೆ ಆ ಓಟಿಪಿಯೂ ಭದ್ರವಾಗಿ, ಎನ್‌ಕ್ರಿಪ್ಟ್ ಆಗಿ, ಯಾರ ಕಣ್ಣಿಗೂ ಬೀಳದೆ ಕಳ್ಳನಿಗೇ ತಲುಪುತ್ತದೆ! ವಿಪಿಎನ್ ದಾರಿಯನ್ನು ಮುಚ್ಚುತ್ತದೆ. ದಾರಿಯ ಈ ತುದಿಯಲ್ಲಿ ನಿಮ್ಮ ಫೋನಿನ ಒಳಗೇ ಕಳ್ಳ ಕೂತಿದ್ದರೆ ಅದಕ್ಕೆ ಗೊತ್ತಾಗುವುದಿಲ್ಲ. ಯಾವ ಕಂಪನಿಯದಾದರೂ ಅಷ್ಟೇ.

ಅವರು ಆ ಫೋನನ್ನು ಇನ್ನೂ ಬಳಸುತ್ತಿದ್ದರೆ, ಮುಖ್ಯವಾದ ಫೋಟೋ, ನಂಬರ್ ಬೇರೆ ಕಡೆ ಇಟ್ಟುಕೊಂಡು ಫ್ಯಾಕ್ಟರಿ ರೀಸೆಟ್ ಮಾಡಿಸಿ. ಪಾಸ್‌ವರ್ಡುಗಳನ್ನು ಬೇರೆ ಫೋನಿನಿಂದ ಬದಲಿಸಲಿ. 1930ಕ್ಕೆ ದೂರು ಕೊಟ್ಟಿದ್ದರಾ?

ಹರಿಹರ_ಮೇಷ್ಟ್ರು

ಎರಡು ದಿನ ಬಿಟ್ಟು ಕೊಟ್ಟರು ಮೇಡಂ. ಮನೆಯಲ್ಲಿ ಬೈಯುತ್ತಾರೆ ಎಂದು ಮುಚ್ಚಿಟ್ಟಿದ್ದರು. ಫೋನ್ ಅದೇ ಇದೆ, ಇವತ್ತೇ ಹೇಳುತ್ತೇನೆ.

ಮಂಡಿಪೇಟೆ_ಲೆಕ್ಕ

ಮೇಡಂ, ತುಂಬಾ ಚೆನ್ನಾಗಿ ಅರ್ಥವಾಯಿತು. ಹಾಗಾದರೆ ಬ್ಯಾಂಕ್ ಆ್ಯಪಿಗೆ ವಿಪಿಎನ್ ತೆಗೆದರೆ ತೊಂದರೆ ಇಲ್ಲ ಅಂದಂತಾಯಿತು, ಸರಿ ತಾನೇ? ಇನ್ನೊಂದು ಸಂಶಯ. ಸ್ಟೇಷನ್ ವೈಫೈ ಸೇರಿದಾಗ ಮೊಬೈಲ್ ನಂಬರ್ ಕೇಳಿ ಓಟಿಪಿ ಕಳಿಸುತ್ತದಲ್ಲ, ಆ ಪುಟ ವಿಪಿಎನ್ ಆನ್ ಇದ್ದರೆ ಒಂದೊಂದು ಸಲ ಬರುವುದೇ ಇಲ್ಲ. ಆಫ್ ಮಾಡಿ, ನಂಬರ್ ಹಾಕಿ, ಆಮೇಲೆ ಆನ್ ಮಾಡುತ್ತೇನೆ. ಇದು ಸರಿಯೇ?

ಜೋಗಿಮಟ್ಟಿ

ನಿಜವಾದ ಸಂದು ಇರುವುದು ಅಲ್ಲೇ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ನಿಮ್ಮ ಫೋನು ವೈಫೈ ಸೇರಿದ ಕೂಡಲೇ ಇಂಟರ್‌ನೆಟ್ ಇದೆಯೋ ಇಲ್ಲವೋ ಎಂದು connectivitycheck.gstatic.com ಥರದ ಒಂದು ವಿಳಾಸವನ್ನು ಕೇಳುತ್ತದೆ. ಖಾಲಿ ಉತ್ತರ ಬಂದರೆ ನೆಟ್ ಇದೆ ಎಂದರ್ಥ. ಸ್ಟೇಷನ್ ವೈಫೈ ಆ ಪ್ರಶ್ನೆಯನ್ನು ಮಧ್ಯದಲ್ಲಿ ಹಿಡಿದು ತನ್ನ ಲಾಗಿನ್ ಪುಟದ ಕಡೆ ತಿರುಗಿಸುತ್ತದೆ. ಆಗ "Sign in to network" ಬರುತ್ತದೆ. ನೀವು ನಂಬರ್ ಹಾಕಿ ಓಟಿಪಿ ಕೊಡುವವರೆಗೆ ಹೊರಗೆ ದಾರಿ ಇಲ್ಲ, ಹೊರಗೆ ದಾರಿ ಇಲ್ಲದ ಮೇಲೆ ವಿಪಿಎನ್ ತನ್ನ ಸರ್ವರ್ ಮುಟ್ಟುವುದು ಹೇಗೆ? ಹಾಗಾಗಿ ವಿಪಿಎನ್ ಯಾವಾಗಲೂ ಆ ಪುಟದ ನಂತರವೇ ಶುರುವಾಗುವುದು. ಅದಕ್ಕೆ ಮುಂಚೆ ನೀವು ಏನು ಕೊಟ್ಟಿರೋ ಅದು ವಿಪಿಎನ್ನಿನ ವ್ಯಾಪ್ತಿಗೆ ಬರುವುದಿಲ್ಲ.

ಇದರಿಂದ ಎರಡು ವಿಷಯ. ಒಂದು, ನಿಮ್ಮ ಮೊಬೈಲ್ ನಂಬರನ್ನು ನೀವೇ ಕೊಟ್ಟಾಯಿತು. ಈ ನಂಬರಿನವರು ಈ ಸ್ಟೇಷನ್ನಿನಲ್ಲಿ ಈ ಹೊತ್ತಿನಲ್ಲಿ ಇದ್ದರು ಎಂಬುದು ವೈಫೈ ನಡೆಸುವವರ ಬಳಿ ದಾಖಲಾಗುತ್ತದೆ. ಆಮೇಲೆ ಎಂಥ ವಿಪಿಎನ್ ಹಾಕಿದರೂ ಅದು ಅಳಿಸುವುದಿಲ್ಲ.

ಇನ್ನೊಂದು ಸ್ವಲ್ಪ ಕೆಟ್ಟದ್ದು. ಯಾರಾದರೂ ಅದೇ ಹೆಸರಿನ ನಕಲಿ ವೈಫೈ ಹಾಕಿಕೊಂಡು ಕೂರಬಹುದು, ಹೆಸರಿಗೆ ಯಾರ ಅನುಮತಿಯೂ ಬೇಕಿಲ್ಲ. ಅವನ ಲಾಗಿನ್ ಪುಟ ಥೇಟ್ ಅಸಲಿಯ ಹಾಗೇ ಇರುತ್ತದೆ. ನಂಬರ್ ಮತ್ತು ಓಟಿಪಿ ಜೊತೆಗೆ ಇನ್ನೇನಾದರೂ ಕೇಳಿದರೆ, ಉದಾಹರಣೆಗೆ ಮೇಲ್ ಪಾಸ್‌ವರ್ಡ್, ಕಾರ್ಡ್ ನಂಬರ್, "ಪರಿಶೀಲನೆಗೆ 1 ರೂಪಾಯಿ", "ಈ ಆ್ಯಪ್ ಹಾಕಿಕೊಳ್ಳಿ", ಆಗಲೇ ಎದ್ದು ಬನ್ನಿ. ಬಂದ ಎಸ್‌ಎಂಎಸ್ ಯಾರ ಹೆಸರಿನಲ್ಲಿದೆ ಎಂದೂ ಓದಿ. ವೈಫೈ ಪುಟದಲ್ಲಿ ನಂಬರ್ ಹಾಕಿದಾಗ ವಾಟ್ಸಾಪ್ ಅಥವಾ ಬ್ಯಾಂಕಿನ ಓಟಿಪಿ ಬಂತು ಅಂದರೆ, ಆ ಕಡೆ ಇನ್ನೊಬ್ಬ ನಿಮ್ಮ ನಂಬರಿನಿಂದ ಅಲ್ಲಿ ಲಾಗಿನ್ ಆಗಲು ನೋಡುತ್ತಿದ್ದಾನೆ.

ಈಗ ನಿಮ್ಮ ಪದ್ಧತಿ. ವಿಪಿಎನ್ ಆಫ್ ಮಾಡಿ, ನಂಬರ್ ಹಾಕಿ, ಆಮೇಲೆ ಆನ್ ಮಾಡುತ್ತೀರಿ. ಆ ನಡುವೆ ಏನಾಗುತ್ತದೆ ಎಂದು ಅದೇ ಲ್ಯಾಪ್‌ಟಾಪಿನಲ್ಲಿ ನೋಡಿದರೆ ಮಕ್ಕಳು ಬೆಚ್ಚುತ್ತಾರೆ. ನೆಟ್ ಸಿಕ್ಕಿತು ಎಂದು ಗೊತ್ತಾದ ಕ್ಷಣ ಫೋನಿನಲ್ಲಿರುವ ಎಲ್ಲ ಆ್ಯಪ್‌ಗಳೂ ಒಟ್ಟಿಗೆ ಓಡುತ್ತವೆ. mtalk.google.com, g.whatsapp.net, ಬ್ಯಾಂಕಿನದು, ಹೂಡಿಕೆ ಆ್ಯಪ್, ಮದುವೆ ಆ್ಯಪ್, ಔಷಧಿ ಆ್ಯಪ್, ಸಾಲು ಸಾಲಾಗಿ ಹೆಸರು ಬೀಳುತ್ತದೆ. ನೀವು ಒಂದನ್ನೂ ತೆರೆದಿಲ್ಲ, ವಿಪಿಎನ್ ಬಟನ್ ಹುಡುಕುತ್ತಿದ್ದೀರಿ, ಅಷ್ಟರಲ್ಲಿ ಫೋನಿನಲ್ಲಿ ಯಾವ್ಯಾವ ಆ್ಯಪ್ ಇವೆ ಎಂಬ ಪಟ್ಟಿ ಹೊರಗೆ ಹೋಯಿತು. ಒಳಗಿನ ಮಾತು ಹೋಗಿಲ್ಲ, ಹೆಸರುಗಳು ಹೋದವು. ಆದರೆ ವಿಪಿಎನ್ ಹಾಕಿದ್ದೇ ಆ ಹೆಸರುಗಳನ್ನು ಮುಚ್ಚಲು ಅಲ್ವಾ?

ತಪ್ಪಿಸುವುದು ಹೀಗೆ. ಆಂಡ್ರಾಯ್ಡ್ ಸೆಟ್ಟಿಂಗ್ಸ್‌ನಲ್ಲಿ ವಿಪಿಎನ್ ಎಂದು ಹುಡುಕಿ, ನಿಮ್ಮ ಆ್ಯಪಿನ ಹೆಸರಿನ ಪಕ್ಕದ ಗೇರ್ ಒತ್ತಿ. Always-on VPN ಮತ್ತು Block connections without VPN ಎರಡನ್ನೂ ಆನ್ ಮಾಡಿ. ಆಗ ವಿಪಿಎನ್ ಏಳುವವರೆಗೆ ಆ್ಯಪ್‌ಗಳಿಗೆ ದಾರಿಯೇ ಇರುವುದಿಲ್ಲ. ಲಾಗಿನ್ ಪುಟಕ್ಕೆ ಮಾತ್ರ ಆಂಡ್ರಾಯ್ಡ್ ಸಾಮಾನ್ಯವಾಗಿ ವಿನಾಯಿತಿ ಕೊಡುತ್ತದೆ, ಅದು ವಿಪಿಎನ್ನಿನ ಹೊರಗಿಂದಲೇ ತೆರೆದುಕೊಳ್ಳುತ್ತದೆ. ಕೆಲವು ಫೋನಿನಲ್ಲಿ ಇದು ಸರಿಯಾಗಿ ಆಗುವುದಿಲ್ಲ, ನಿಮ್ಮದೂ ಹಾಗೇ ಇರಬಹುದು. ಬೀಗ ಹಾಕಿದ್ದೇವೆ ಅಂತ ಪೂರ್ತಿ ನಂಬುವ ಹಾಗೂ ಇಲ್ಲ. ಆ ಸೆಟ್ಟಿಂಗ್ ಆನ್ ಇದ್ದರೂ ನೆಟ್ ಇದೆಯೇ ಎಂದು ಫೋನು ಕೇಳುವ ಆ ಪ್ರಶ್ನೆ ಹೊರಗಿಂದಲೇ ಹೋಗುತ್ತದೆ ಎಂದು ಮುಲ್ವಾಡ್ ಎಂಬ ವಿಪಿಎನ್ ಕಂಪನಿಯೇ 2022ರಲ್ಲಿ ತೋರಿಸಿಕೊಟ್ಟಿತು.

ಹೊಳಲ್ಕೆರೆ_ಅಡಿಕೆ

ನಾನು ಮೊದಲೇ ಹೇಳಿದೆ, ಮೊಬೈಲ್ ಡಾಟಾ ಹಾಕಿ ಅಂತ. ಇಷ್ಟು ಓದುವ ಹೊತ್ತಿಗೆ ಚಿಕ್ಕಜಾಜೂರು ದಾಟಿ ಹೋಗಬಹುದು 😄

ಹಿರಿಯೂರು_ನೈಟ್‌ಶಿಫ್ಟ್

ಎಲ್ಲ ಕಡೆ ಸಿಗ್ನಲ್ ಸಿಕ್ಕರೆ ನೀವು ಹೇಳಿದ್ದು ಸರಿ. ನಾನು ಮನೆಯಿಂದ ಕೆಲಸ ಮಾಡುವವನು, ಊರಿಗೆ ಹೋದಾಗ ಲಾಡ್ಜಿನ ವೈಫೈ ಬಿಟ್ಟರೆ ಗತಿ ಇಲ್ಲ. ಒಂದು ಪ್ರಶ್ನೆ, ನನ್ನದು ಆಫೀಸ್ ಕೊಟ್ಟ ವಿಪಿಎನ್. ಅದನ್ನು ಆನ್ ಮಾಡಿ ಸ್ವಂತ ಕೆಲಸ ಮಾಡಿದರೆ ಲಾಡ್ಜಿನವರಿಗೆ ಕಾಣುವುದಿಲ್ಲ ಅಲ್ವಾ?

ಜೋಗಿಮಟ್ಟಿ

ಲಾಡ್ಜಿನವರಿಗೆ ಕಾಣುವುದಿಲ್ಲ, ಆಫೀಸಿನವರಿಗೆ ಕಾಣುತ್ತದೆ. ಲ್ಯಾಪ್‌ಟಾಪೂ ಅವರದೇ ಆದರೆ ಅದರಲ್ಲಿ ಅವರದೇ ಸರ್ಟಿಫಿಕೇಟ್ ಹಾಕಿರಬಹುದು, ಆಗ https ಒಳಗೂ ನೋಡಬಹುದು. ಇನ್ನು ಕೆಲವು ಆಫೀಸುಗಳಲ್ಲಿ ಆಫೀಸಿನ ಸರ್ವರುಗಳಿಗೆ ಮಾತ್ರ ವಿಪಿಎನ್, ಉಳಿದದ್ದೆಲ್ಲ ಲಾಡ್ಜಿನ ದಾರಿಯಲ್ಲೇ. ಆಗ ಲಾಡ್ಜಿನವರಿಗೂ ಕಾಣುತ್ತದೆ. ಆನ್ ಮಾಡಿ ಮತ್ತು ಆಫ್ ಮಾಡಿ, ಎರಡು ಸಲವೂ ನಿಮ್ಮ ಐಪಿ ಏನೆಂದು ತೋರಿಸುವ ಸೈಟು ನೋಡಿ. ಎರಡೂ ಸಲ ಒಂದೇ ಬಂದರೆ ನಿಮ್ಮ ಸ್ವಂತ ಓಡಾಟ ವಿಪಿಎನ್ ಒಳಗೆ ಹೋಗುತ್ತಿಲ್ಲ.

ಮಂಡಿಪೇಟೆಯವರ ಉಚಿತ ಆ್ಯಪಿನ ವಿಷಯಕ್ಕೂ ಇದೇ ಬರುತ್ತದೆ. ಸ್ಟೇಷನ್ ವೈಫೈನವರಿಗೆ ಕಾಣುತ್ತಿದ್ದ ಆ ಪಟ್ಟಿ ಮಾಯ ಆಗಲಿಲ್ಲ, ವಿಪಿಎನ್ ಕಂಪನಿಯ ಕೈಗೆ ಹೋಯಿತು. ಸ್ಟೇಷನ್ನಿನಲ್ಲಿ ಅರ್ಧ ಗಂಟೆಯದು ಮಾತ್ರ ಸಿಗುತ್ತಿತ್ತು. ಆ್ಯಪನ್ನು ದಿನವಿಡೀ ಆನ್ ಇಟ್ಟರೆ ದಿನವಿಡೀ ಓಡಾಟ ಅವರ ಬಳಿ. ಫೇಸ್‌ಬುಕ್ 2013ರಲ್ಲಿ ಒನಾವೋ ಎಂಬ ಕಂಪನಿ ಕೊಂಡಿತು. ಅದರ ಉಚಿತ ವಿಪಿಎನ್ನನ್ನು ಭದ್ರತೆಯ ಹೆಸರಿನಲ್ಲಿ ಕೊಟ್ಟು, ಜನ ಯಾವ ಆ್ಯಪ್ ಎಷ್ಟು ಬಳಸುತ್ತಾರೆ ಎಂದು ನೋಡುತ್ತಿತ್ತು. 2018ರಲ್ಲಿ ಆ್ಯಪಲ್ ಸ್ಟೋರಿನಿಂದ ಹೋಯಿತು, ಮರುವರ್ಷ ನಿಂತೇ ಹೋಯಿತು. ಸರ್ವರ್, ಬ್ಯಾಂಡ್‌ವಿಡ್ತ್ ಯಾವುದೂ ಪುಕ್ಕಟೆ ಬರುವುದಿಲ್ಲ, ಆ ದುಡ್ಡು ಎಲ್ಲಿಂದ ಬರುತ್ತಿದೆ ಎಂದು ಆ್ಯಪಿನ ಬಗ್ಗೆ ಓದಿ ಗೊತ್ತಾಗದಿದ್ದರೆ ನಾನಾದರೆ ತೆಗೆದು ಹಾಕುತ್ತೇನೆ. ಎಲ್ಲ ಉಚಿತವೂ ಕೆಟ್ಟದ್ದಲ್ಲ. ದುಡ್ಡು ಕೊಡುವ ಗಿರಾಕಿಗಳಿದ್ದು, ಅದರ ಜೊತೆಗೆ ಚಿಕ್ಕ ಉಚಿತ ಪ್ಲಾನ್ ಕೊಡುವವರೂ ಇದ್ದಾರೆ.

ವಿದ್ಯಾನಗರ_ರೂಮ್‌ಮೇಟ್

ಅಕ್ಕ, ನಮ್ಮ ದೇಶದಲ್ಲಿ ವಿಪಿಎನ್ ಕಂಪನಿಗಳು ನಾವು ನೋಡಿದ ಸೈಟುಗಳನ್ನೆಲ್ಲ 5 ವರ್ಷ ಇಟ್ಟುಕೊಳ್ಳಬೇಕು ಅಂತ ಕಾನೂನು ಇದೆ. ಹಾಗಾದರೆ ದುಡ್ಡು ಕೊಟ್ಟರೂ ಒಂದೇ ಕೊಡದಿದ್ದರೂ ಒಂದೇ.

ಹಿರಿಯೂರು_ನೈಟ್‌ಶಿಫ್ಟ್

ಅರ್ಧ ಸರಿ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನ ಅದು. 5 ವರ್ಷ ಇಡಬೇಕಾದ್ದು ಗ್ರಾಹಕರ ವಿವರ, ಅಂದರೆ ಹೆಸರು, ವಿಳಾಸ, ಫೋನು, ಮೇಲ್, ಯಾವ ಐಪಿ ಕೊಟ್ಟೆವು, ಯಾಕೆ ತೆಗೆದುಕೊಂಡರು. ನೋಡಿದ ಸೈಟುಗಳ ಪಟ್ಟಿ ಅಂತ ಆ ಸಾಲಿನಲ್ಲಿ ಇಲ್ಲ. ಕಂಪನಿಗಳ ಒಳಗಿನ ವಿಪಿಎನ್‌ಗೆ ಅದು ಅನ್ವಯ ಇಲ್ಲ ಎಂದೂ ಸ್ಪಷ್ಟ ಮಾಡಿದ್ದಾರೆ, ನಮ್ಮ ಆಫೀಸಿನಲ್ಲಿ ಆಗ ಇದೇ ಚರ್ಚೆ. ಎಕ್ಸ್‌ಪ್ರೆಸ್‌ವಿಪಿಎನ್ ಮುಂತಾದ ಕೆಲವರು ಅದೇ ವರ್ಷ ಭಾರತದಲ್ಲಿದ್ದ ಸರ್ವರ್ ಎತ್ತಿಕೊಂಡು ಹೋದರು. ಈಗ ಅವರ ಆ್ಯಪಿನಲ್ಲಿ "ಭಾರತ" ಒತ್ತಿದರೆ ಐಪಿ ಭಾರತದ್ದು, ಸರ್ವರ್ ಇರುವುದು ಸಿಂಗಾಪುರದಲ್ಲೋ ಇಂಗ್ಲೆಂಡಿನಲ್ಲೋ.

ವಿದ್ಯಾನಗರ_ರೂಮ್‌ಮೇಟ್

ಆದರೆ ಅದೇ ನಿರ್ದೇಶನದಲ್ಲಿ 180 ದಿನ ಲಾಗ್ ಇಡಬೇಕು ಅಂತಲೂ ಇದೆ. ಅದರಲ್ಲಿ ಏನೇನು ಬರುತ್ತದೆ?

ಹಿರಿಯೂರು_ನೈಟ್‌ಶಿಫ್ಟ್

ಇದೆ. ಎಲ್ಲ ಸಿಸ್ಟಂಗಳ ಲಾಗ್ ಅಂತ ಅಗಲವಾಗಿ ಬರೆದಿದ್ದಾರೆ. ಅದಕ್ಕೇ ಜಗಳ. ನೀನು ನಿನ್ನ ಕಡೆ ಎಳೆಯುತ್ತೀಯ, ನಾನು ನನ್ನ ಕಡೆ ಎಳೆಯುತ್ತೇನೆ. ಕಂಪನಿಯವರು ಅದಕ್ಕೇ ಹೋದದ್ದು.

ಮಂಡಿಪೇಟೆ_ಲೆಕ್ಕ

ಕಾನೂನು ನಿಮಗಿರಲಿ. ನನಗೆ ಬ್ಯಾಂಕ್ ಆ್ಯಪಿನ ಉತ್ತರ ಇನ್ನೂ ಸಿಕ್ಕಿಲ್ಲ. Block ಆನ್ ಮಾಡಿದರೆ ಬ್ಯಾಂಕ್ ಆ್ಯಪ್ ಮತ್ತೆ ತಕರಾರು ಮಾಡುತ್ತದಲ್ಲ?

ಜೋಗಿಮಟ್ಟಿ

ಮಾಡುತ್ತದೆ. ಬ್ಯಾಂಕಿನವರ ಕಡೆಯಿಂದ ನೋಡಿದರೆ ಅವರದೂ ಸರಿ. ನಿನ್ನೆ ದಾವಣಗೆರೆಯಲ್ಲಿದ್ದ ಗಿರಾಕಿ ಇವತ್ತು ನೆದರ್‌ಲ್ಯಾಂಡಿನಿಂದ ಲಾಗಿನ್ ಆದರೆ ಅವರಿಗೆ ಅದು ಕಳ್ಳತನದ ಹಾಗೆ ಕಾಣುತ್ತದೆ. ಕೆಲವು ಸರ್ಕಾರಿ ಸೈಟುಗಳೂ ಹೊರದೇಶದ ಐಪಿಗೆ ಬಾಗಿಲು ತೆರೆಯುವುದಿಲ್ಲ, ನಿಮ್ಮ ಲ್ಯಾಪ್‌ಟಾಪ್ ಕೆಲಸಕ್ಕೆ ಅದನ್ನೂ ನೆನಪಿಡಿ.

ಮೊದಲು ವಿಪಿಎನ್ ಆ್ಯಪಿನಲ್ಲಿ ಭಾರತದ ಐಪಿ ಆರಿಸಿ ನೋಡಿ, ಕೆಲವು ಬ್ಯಾಂಕಿಗೆ ಅಷ್ಟೇ ಸಾಕು. ಆಗದಿದ್ದರೆ ಬಹಳ ವಿಪಿಎನ್ ಆ್ಯಪ್‌ಗಳಲ್ಲಿ split tunneling ಅಂತ ಇರುತ್ತದೆ, ಅಲ್ಲಿ ಬ್ಯಾಂಕ್ ಆ್ಯಪನ್ನು ಹೊರಗಿಡಿ. ಆದರೆ Block ಆನ್ ಇದ್ದರೆ ಹೊರಗಿಟ್ಟ ಆ್ಯಪಿಗೂ ನೆಟ್ ಸಿಗುವುದಿಲ್ಲ, ಈ ಎರಡು ಒಟ್ಟಿಗೆ ನಡೆಯುವುದಿಲ್ಲ. ಕೆಲವು ಬ್ಯಾಂಕ್ ಆ್ಯಪ್ ಫೋನಿನಲ್ಲಿ ವಿಪಿಎನ್ ಆನ್ ಇದೆ ಎಂದು ಕಂಡರೇ ಸಾಕು, ಹೊರಗಿಟ್ಟರೂ ತೆರೆಯುವುದಿಲ್ಲ. ಅಲ್ಲಿಗೆ ಹೊಳಲ್ಕೆರೆಯವರೇ ಗೆದ್ದರು. ವೈಫೈ ಆಫ್, ವಿಪಿಎನ್ ಆಫ್, ಮೊಬೈಲ್ ಡಾಟಾದಲ್ಲಿ ದುಡ್ಡು ಕಳಿಸಿ, ಮತ್ತೆ ಹಿಂದಿನ ಹಾಗೆ.

ಮೊಬೈಲ್ ಡಾಟಾ ಸಿಗಲೇ ಇಲ್ಲ, ಸ್ಟೇಷನ್ ವೈಫೈನಲ್ಲಿ ವಿಪಿಎನ್ ಇಲ್ಲದೇ ಬ್ಯಾಂಕ್ ಆ್ಯಪ್ ತೆರೆಯಲೇಬೇಕು ಎಂದಾದರೂ ನಾನು ಹೆದರುವುದಿಲ್ಲ. ಯಾವ ಬ್ಯಾಂಕ್ ಎಂದು ವೈಫೈನವರಿಗೆ ಗೊತ್ತಾಗುತ್ತದೆ, ಅಷ್ಟೇ. ಆ್ಯಪ್ ಬದಲು ಬ್ರೌಸರಿನಲ್ಲಿ ಹೋದಾಗ "Your connection is not private" ಎಂಬ ಪುಟ ಬಂದರೆ ಮಾತ್ರ ಮುಂದೆ ಹೋಗಬೇಡಿ. ನಡುವೆ ಯಾರೋ ಕೂತಿದ್ದಾರೆ ಎಂದು https ನಿಮಗೆ ಹೇಳುವ ರೀತಿ ಅದೇ. ಬೇರೆ ಏನೋ ಸಾಮಾನ್ಯ ಕಾರಣವೂ ಇರಬಹುದು, ಆದರೆ ಸ್ಟೇಷನ್ನಿನಲ್ಲಿ ಕೂತು ಅದನ್ನು ವಿಚಾರಿಸಲು ಹೋಗಬೇಡಿ.

ಹಿರಿಯೂರು_ನೈಟ್‌ಶಿಫ್ಟ್

ಲ್ಯಾಪ್‌ಟಾಪಿನ ಬಗ್ಗೆ ಒಂದು ಸೇರಿಸುತ್ತೇನೆ. 2024ರ ಮೇ ತಿಂಗಳಲ್ಲಿ ಟನೆಲ್‌ವಿಷನ್ ಅಂತ ಒಂದು ದೋಷ ಹೊರಬಂತು. ನಿಮಗೆ ಐಪಿ ಕೊಡುವ ವೈಫೈ ರೂಟರೇ, ಅದರ ಜೊತೆಗೆ "ಇಂತಿಂಥ ವಿಳಾಸಕ್ಕೆ ನನ್ನ ಮೂಲಕವೇ ಹೋಗು" ಎಂದು ದಾರಿಯನ್ನೂ ಕೊಡಬಹುದು. ಐಪಿ ಹಂಚುವ ಡಿಎಚ್‌ಸಿಪಿ ಎಂಬ ವ್ಯವಸ್ಥೆಯ 121ನೇ ಆಪ್ಷನ್ ಅದು. ವಿಂಡೋಸ್, ಮ್ಯಾಕ್, ಲಿನಕ್ಸ್, ಐಫೋನ್ ಆ ಮಾತು ಕೇಳುತ್ತವೆ. ವಿಪಿಎನ್ ಹಸಿರು ಬಣ್ಣದಲ್ಲಿ ಕನೆಕ್ಟ್ ಆಗಿದೆ ಎಂದು ತೋರಿಸುತ್ತಲೇ ಇರುತ್ತದೆ, ನಿಮ್ಮ ಡಾಟಾ ಮಾತ್ರ ಪಕ್ಕದ ದಾರಿಯಲ್ಲಿ ಹೋಗುತ್ತಿರುತ್ತದೆ. ಆಂಡ್ರಾಯ್ಡ್ ಆ 121 ಅನ್ನು ಕೇಳುವುದೇ ಇಲ್ಲ, ಹಾಗಾಗಿ ಪಾರು. ವಿಂಡೋಸ್‌ನಲ್ಲಿ ನೋಡಲು:

```
route print
```

ವಿಪಿಎನ್ ಆನ್ ಇರುವಾಗ ಸಾಮಾನ್ಯ ಇಂಟರ್‌ನೆಟ್ ವಿಳಾಸಗಳಿಗೆ ವೈಫೈ ರೂಟರಿನ ಕಡೆ ತೋರಿಸುವ ವಿಚಿತ್ರ ಸಾಲುಗಳು ಕಂಡರೆ ಅನುಮಾನ ಪಡಿ. ವಿಪಿಎನ್ ಸರ್ವರಿನ ಒಂದು ವಿಳಾಸಕ್ಕೆ ಹಾಗಿರುವುದು ಸಹಜ.

ಮಂಡಿಪೇಟೆ_ಲೆಕ್ಕ

ಅಣ್ಣಾ, ಆ ಸಾಲುಗಳನ್ನು ನೋಡಿ ಸಹಜ ಯಾವುದು ವಿಚಿತ್ರ ಯಾವುದು ಎಂದು ಹೇಳುವಷ್ಟು ನನಗೆ ಬಂದಿದ್ದರೆ ಲೆಕ್ಕ ಯಾಕೆ ಬರೆಯುತ್ತಿದ್ದೆ.

ಜೋಗಿಮಟ್ಟಿ

ಲ್ಯಾಪ್‌ಟಾಪಿಗೆ ಸುಲಭದ ದಾರಿ ಇದೆ. ಸ್ಟೇಷನ್ ವೈಫೈಗೆ ಸೇರಿಸಲೇಬೇಡಿ. ನಿಮ್ಮ ಫೋನಿನ ಮೊಬೈಲ್ ಡಾಟಾದಿಂದ ಹಾಟ್‌ಸ್ಪಾಟ್ ಹಾಕಿ ಲ್ಯಾಪ್‌ಟಾಪ್ ಸೇರಿಸಿ. ಐಪಿ ಕೊಡುವವರು ನೀವೇ ಆದ ಮೇಲೆ 121ರ ಆಟ ನಡೆಯುವುದಿಲ್ಲ. ಒಂದು ಮಾತ್ರ ಗಮನದಲ್ಲಿರಲಿ, ಫೋನಿನಲ್ಲಿ ವಿಪಿಎನ್ ಆನ್ ಇದ್ದರೂ ಹಾಟ್‌ಸ್ಪಾಟಿಗೆ ಸೇರಿದ ಲ್ಯಾಪ್‌ಟಾಪಿನ ಡಾಟಾ ಸಾಮಾನ್ಯವಾಗಿ ಆ ವಿಪಿಎನ್ ಒಳಗೆ ಹೋಗುವುದಿಲ್ಲ. ಲ್ಯಾಪ್‌ಟಾಪಿಗೂ ಬೇಕೆಂದರೆ ಅದರಲ್ಲೇ ಬೇರೆ ಹಾಕಬೇಕು.

ಹೊಳಲ್ಕೆರೆ_ಅಡಿಕೆ

ಅಂದರೆ ಕೊನೆಗೂ ಮೊಬೈಲ್ ಡಾಟಾ. ಸರಿ. ಆದರೆ ನನಗೂ ಈಗ ಒಂದು ಸಂಶಯ ಬಂತು. ಮೊಬೈಲ್ ಡಾಟಾದಲ್ಲಿ ಆ ಪಟ್ಟಿ ಸಿಮ್ ಕಂಪನಿಗೆ ಕಾಣುತ್ತದಲ್ಲ?

ಜೋಗಿಮಟ್ಟಿ

ಕಾಣುತ್ತದೆ. ವೈಫೈನವರಿಗೆ ಕಂಡಷ್ಟೇ ಅವರಿಗೂ. ನಿಮ್ಮ ಹೆಸರು, ಆಧಾರ್ ಸಮೇತ ಸಿಮ್ ಕೊಟ್ಟವರು ಅವರು. ಅವರ ಮೇಲೆ ನಂಬಿಕೆ ಜಾಸ್ತಿಯೋ, ವಿಪಿಎನ್ ಕಂಪನಿ ಮೇಲೋ ಎಂಬುದನ್ನು ನಾನು ಹೇಳಲಾರೆ. ನಾನು ಮನೆಯಲ್ಲೇ ಒಂದು ವೈರ್‌ಗಾರ್ಡ್ ಇಟ್ಟುಕೊಂಡಿದ್ದೇನೆ, ಹೊರಗಿನ ವೈಫೈ ಸೇರಿದಾಗ ಅದರ ಮೂಲಕ ಮನೆಗೆ ಹೋಗಿ ಅಲ್ಲಿಂದ ಹೊರಗೆ. ಹೊರಗಿನ ವೈಫೈನವರಿಗೆ ಆ ಪಟ್ಟಿ ಕಾಣುವುದಿಲ್ಲ, ಮನೆಯ ಫೈಬರಿನವರಿಗೆ ಮಾತ್ರ ಕಾಣುತ್ತದೆ. ಬ್ಯಾಂಕಿಗೂ ನಾನು ಮನೆಯಲ್ಲೇ ಇದ್ದ ಹಾಗೆ ಕಾಣುವುದರಿಂದ ಐಪಿ ತಕರಾರು ಇಲ್ಲ.

ವಿದ್ಯಾನಗರ_ರೂಮ್‌ಮೇಟ್

ಅಕ್ಕ ಅದನ್ನು ಹೇಗೆ ಮಾಡುವುದು ಅಂತ ಹೇಳಿಕೊಡಿ. ನಮ್ಮ ರೂಮಿನ ಫೈಬರಿನಲ್ಲಿ ಪೋರ್ಟ್ ಓಪನ್ ಮಾಡಿದರೂ ಹೊರಗಿಂದ ಬರುತ್ತಿಲ್ಲ.

ಜೋಗಿಮಟ್ಟಿ

ರೂಟರಿನಲ್ಲಿ WAN ಐಪಿ ನೋಡು. 100.64ರಿಂದ 100.127ರ ಒಳಗೆ ಶುರುವಾಗುತ್ತಿದ್ದರೆ ನಿಮ್ಮ ಬೀದಿಯವರೆಲ್ಲ ಒಂದೇ ಐಪಿ ಹಂಚಿಕೊಂಡಿದ್ದೀರಿ, ಎಷ್ಟು ಪೋರ್ಟ್ ತೆರೆದರೂ ಬರುವುದಿಲ್ಲ. ಸ್ಟ್ಯಾಟಿಕ್ ಐಪಿ ಕೇಳಬೇಕು, ಇಲ್ಲವೇ ಐಪಿವಿ6 ಇದೆಯಾ ನೋಡಬೇಕು. ಅದಕ್ಕೆ ಬೇರೆ ಥ್ರೆಡ್ ಶುರು ಮಾಡು, ಇಲ್ಲಿ ಬೇಡ.

ಹರಿಹರ_ಮೇಷ್ಟ್ರು

ಷಡ್ಡಕರ ಫೋನ್ ರೀಸೆಟ್ ಮಾಡಿಸಿದೆವು ಮೇಡಂ. ಈಗ ಅದೇ ವಿಪಿಎನ್ ಮತ್ತೆ ಹಾಕಬೇಕಾ ಎಂದು ಕೇಳುತ್ತಿದ್ದಾರೆ, ಒಂದು ವರ್ಷದ ದುಡ್ಡು ಕಟ್ಟಿಬಿಟ್ಟಿದ್ದಾರಂತೆ.

ಜೋಗಿಮಟ್ಟಿ

ಕಟ್ಟಿದ್ದಾರಲ್ಲ, ಹಾಕಲಿ ಬಿಡಿ. ಅದಕ್ಕಿಂತ ಮೊದಲು ಸೆಟ್ಟಿಂಗ್ಸ್‌ನಲ್ಲಿ Install unknown apps ಎಂದು ಹುಡುಕಿ ವಾಟ್ಸಾಪ್ ಮತ್ತು ಬ್ರೌಸರ್ ಎರಡಕ್ಕೂ ಆಫ್ ಮಾಡಿ ಕೊಡಿ.